ಬೀದಿ ದೀಪಕ್ಕೆ ಚಂದಾ ಎತ್ತಿದ್ರೆ ಯಾಕೆ ಆಗಲ್ಲ?

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ಒಂದು ಬೀದಿ ಅಂದ್ಕೊಳ್ಳಿ. 20 ಮನೆ ಇದೆ, ದೀಪ ಇಲ್ಲ. ದೀಪ ಹಾಕಿಸಿ ಒಂದು ವರ್ಷ ನೋಡಿಕೊಳ್ಳೋಕೆ 20,000 ರೂಪಾಯಿ ಬೇಕು. ಮನೆಗೆ 1,000 ರೂಪಾಯಿ ಬಂತು. ರಾತ್ರಿ ಬೆಳಕಿದ್ರೆ ಪ್ರತಿ ಮನೆಗೂ ಆಗೋ ಅನುಕೂಲ 2,000 ರೂಪಾಯಿಯಷ್ಟು ಅಂತ ಇಟ್ಕೊಳ್ಳೋಣ. ಅಂದ್ರೆ 20,000 ಹಾಕಿದ್ರೆ ಬೀದಿಗೆ 40,000ದ ಲಾಭ. ಎಲ್ಲರೂ ಖುಷಿಯಿಂದ ಕೊಡಬೇಕು, ಅಲ್ವಾ?

ಈಗ ಒಂದು ಮನೆಯವರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಉಳಿದವರು ಕೊಟ್ಟು ದೀಪ ಬಂದೇ ಬಿಟ್ರೆ, ನಾನು ಕೊಡದಿದ್ರೂ ನನ್ನ ಗೇಟಿನ ಮುಂದೆ ಬೆಳಕು ಇರುತ್ತೆ. ಉಳಿದವರು ಕೊಡದೇ ಹೋದ್ರೆ, ನನ್ನ ಒಂದು ಸಾವಿರದಿಂದ ದೀಪ ಬರಲ್ಲ. ಎರಡೂ ಕಡೆ ನನ್ನ ಜೇಬಿಗೆ ಕೊಡದೇ ಇರೋದೇ ಲಾಭ. 20 ಮನೆಯವರೂ ಹೀಗೇ ಲೆಕ್ಕ ಹಾಕಿದ್ರೆ ಬೀದಿ ಕತ್ತಲಲ್ಲೇ ಉಳಿಯುತ್ತೆ. ಇದನ್ನೇ ಅರ್ಥಶಾಸ್ತ್ರದಲ್ಲಿ ಫ್ರೀ ರೈಡರ್ ಸಮಸ್ಯೆ ಅಂತಾರೆ. ಕನ್ನಡದಲ್ಲಿ ಬಿಟ್ಟಿ ಸವಾರಿ ಅನ್ನಬಹುದು. ಗಮನಿಸಿ, ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ದೀಪ ಬೇಕು. ಆದರೂ ದೀಪ ಬರಲಿಲ್ಲ.

ಹಾಲಿನ ಅಂಗಡಿಯಲ್ಲಿ ಈ ತೊಂದರೆ ಯಾಕಿಲ್ಲ? ದುಡ್ಡು ಕೊಡದವರಿಗೆ ಅಂಗಡಿಯವರು ಹಾಲು ಕೊಡಲ್ಲ. ನಾನು ಕುಡಿದ ಹಾಲನ್ನ ಇನ್ನೊಬ್ಬರು ಕುಡಿಯೋಕೂ ಆಗಲ್ಲ. ದೀಪದ ಬೆಳಕಿಗೆ ಈ ಎರಡೂ ಗುಣ ಇಲ್ಲ. ದುಡ್ಡು ಕೊಡದವರನ್ನ ಬೆಳಕಿನಿಂದ ಹೊರಗಿಡೋಕೆ ಆಗಲ್ಲ. ಇನ್ನೊಬ್ಬರು ಆ ಬೆಳಕಲ್ಲಿ ನಡೆದು ಹೋದ್ರೆ ನನ್ನ ಪಾಲು ಕಡಿಮೆಯೂ ಆಗಲ್ಲ. ಇಂಥದ್ದನ್ನ ಸಾರ್ವಜನಿಕ ಸರಕು ಅಂತಾರೆ. ಅದಕ್ಕೇ ಬೀದಿ ದೀಪದ ಖರ್ಚನ್ನ ಪಂಚಾಯಿತಿ, ನಗರಸಭೆಗಳು ಸಾರ್ವಜನಿಕ ಹಣದಿಂದ ಭರಿಸುತ್ತವೆ. ಚಂದಾ ಅಂದ್ರೆ ತಪ್ಪಿಸಿಕೊಳ್ಳಬಹುದು, ತೆರಿಗೆ ಎಲ್ಲರಿಗೂ ಕಡ್ಡಾಯ.

ಶುದ್ಧ ಗಾಳಿಯೂ ಇದೇ ಜಾತಿಯ ಸರಕು. ಆದರೆ ಒಂದು ವ್ಯತ್ಯಾಸ ಇದೆ. ದೀಪಕ್ಕೆ ಎಲ್ಲರೂ ಏನಾದರೂ ಕೊಡಬೇಕು, ಗಾಳಿಗೆ ಎಲ್ಲರೂ ಏನಾದರೂ ಬಿಡಬೇಕು. ಬಿಡೋಕೂ ಖರ್ಚಿದೆ.

ಇದಕ್ಕೆ ಲಂಡನ್ ಒಳ್ಳೇ ಉದಾಹರಣೆ. ಅಲ್ಲಿ ಚಳಿಗೆ ಮನೆಮನೆಯಲ್ಲೂ ಕಲ್ಲಿದ್ದಲು ಉರಿಸೋರು. 1952ರ ಡಿಸೆಂಬರ್ 5ರಿಂದ ಐದು ದಿನ ಗಾಳಿ ಅಲುಗಾಡಲಿಲ್ಲ, ಹೊಗೆ ಮಂಜಿನ ಜೊತೆ ಸೇರಿ ಊರಿನ ಮೇಲೇ ಕೂತುಬಿಡ್ತು. ಆಗಿನ ಅಂದಾಜಿನಲ್ಲೇ ಸುಮಾರು 4,000 ಜನ ಸತ್ತರು. ಇಷ್ಟಾದ ಮೇಲೂ ಒಂದು ಮನೆಯವರು ತಾವಾಗಿಯೇ ಕಲ್ಲಿದ್ದಲು ಬಿಟ್ಟರೆ ಏನಾಗುತ್ತೆ? ಒಲೆ ಬದಲಿಸೋ ಖರ್ಚು ಅವರದ್ದು. ಅಕ್ಕಪಕ್ಕದ ಸಾವಿರಾರು ಚಿಮಣಿಗಳ ಹೊಗೆ ಮಾತ್ರ ಹಾಗೇ ಬರ್ತಾ ಇರುತ್ತೆ. ಅದೇ ಬೀದಿ ದೀಪದ ಲೆಕ್ಕ.

1956ರಲ್ಲಿ ಬಂದ ಶುದ್ಧ ಗಾಳಿ ಕಾಯ್ದೆ ಎರಡು ಕೆಲಸ ಒಟ್ಟಿಗೇ ಮಾಡಿತು. ಸ್ಥಳೀಯ ಆಡಳಿತಗಳು ಹೊಗೆ ನಿಯಂತ್ರಣ ಪ್ರದೇಶಗಳನ್ನ ಘೋಷಿಸಬಹುದಾಯ್ತು. ಅಲ್ಲಿ ಚಿಮಣಿಯಿಂದ ಹೊಗೆ ಬಿಡೋದು ಅಪರಾಧವಾಯ್ತು. ಜೊತೆಗೆ, ಮನೆಯ ಒಲೆ ಬದಲಿಸೋಕೆ ಆಗೋ ಖರ್ಚಿನಲ್ಲಿ ಹತ್ತರಲ್ಲಿ ಏಳು ಪಾಲನ್ನ ವಾಪಸ್ ಕೊಡೋ ವ್ಯವಸ್ಥೆ ಬಂತು. ಬರೀ ನಿಷೇಧ ಹಾಕಿದ್ರೆ ಬಡವರಿಗೆ ಹೊರೆ. ಬರೀ ಮನವಿ ಮಾಡಿದ್ರೆ ಯಾರೂ ಮೊದಲು ಹೆಜ್ಜೆ ಇಡಲ್ಲ.

ಇದಕ್ಕೂ ಮಿತಿ ಇತ್ತು. ಮುಂದೆ ಬ್ರಿಟನ್ನಿನ ವಿದ್ಯುತ್ ಸ್ಥಾವರಗಳ ಎತ್ತರದ ಚಿಮಣಿಗಳು ಗಂಧಕದ ಅನಿಲವನ್ನ ದೂರಕ್ಕೆ ಕಳಿಸಿದವು. ನಾರ್ವೆ, ಸ್ವೀಡನ್‌ಗಳಲ್ಲಿ ಆಮ್ಲ ಮಳೆ ಬಿತ್ತು. ಕಾಯ್ದೆಗೆ ಗಡಿ ಇದೆ, ಗಾಳಿಗೆ ಇಲ್ಲ. ದಿಲ್ಲಿಯ ಕಥೆಯೂ ಅದೇ. ಅಲ್ಲಿನ ಹೊಗೆಯ ಒಂದು ಪಾಲು ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಸುಡೋ ಭತ್ತದ ಕೂಳೆಯದ್ದು. ಕೂಳೆ ಸುಡದೇ ಇರೋ ಖರ್ಚು ಅಲ್ಲಿನ ರೈತನಿಗೆ, ಲಾಭದ ದೊಡ್ಡ ಪಾಲು ದಿಲ್ಲಿಯವರಿಗೆ. ಹಾಗಾಗಿ 2021ರಲ್ಲಿ ದಿಲ್ಲಿ ಮತ್ತು ಸುತ್ತಲಿನ ರಾಜ್ಯಗಳ ಗಾಳಿಗೆ ಅಂತಲೇ ಒಂದು ಆಯೋಗಕ್ಕೆ ಸಂಸತ್ತು ಕಾನೂನು ಮಾಡಿತು. ಆಯೋಗ ಬಂದ ಮಾತ್ರಕ್ಕೆ ರೈತನ ಲೆಕ್ಕ ಬದಲಾಗಲ್ಲ. ಕೂಳೆ ತೆಗೆಯೋ ಯಂತ್ರದ ಖರ್ಚು ಯಾರು ಕೊಡ್ತಾರೆ ಅನ್ನೋದು ಇನ್ನೂ ದೊಡ್ಡ ಪ್ರಶ್ನೆ.

ದುಡ್ಡಿದ್ದವರು ಮನೆಗೆ ಏರ್ ಪ್ಯೂರಿಫೈಯರ್ ತರ್ತಾರೆ. ಅದು ಕತ್ತಲ ಬೀದಿಯಲ್ಲಿ ಟಾರ್ಚ್ ಹಿಡಿದ ಹಾಗೆ. ಅವರ ಕೋಣೆಗೆ ಅನುಕೂಲ, ಬೀದಿಗೆ ಏನೂ ಇಲ್ಲ.

ಮುಂದೆ ಯಾವುದಾದರೂ ಸಮಸ್ಯೆ ಕಂಡಾಗ ಎರಡು ಪ್ರಶ್ನೆ ಕೇಳಿ ನೋಡಿ. ನಾನು ಕೊಡದಿದ್ರೂ ಲಾಭ ಸಿಗುತ್ತಾ? ನಾನೊಬ್ಬನೇ ಕೊಟ್ರೆ ಏನೂ ಬದಲಾಗಲ್ವಾ? ಎರಡಕ್ಕೂ ಉತ್ತರ ಹೌದು ಅಂತ ಬಂದ್ರೆ, ಅಲ್ಲಿ ಜನರಿಗೆ ಬುದ್ಧಿ ಹೇಳೋದರಿಂದ ಮಾತ್ರ ಕೆಲಸ ಆಗಲ್ಲ. ಎಲ್ಲರಿಗೂ ಒಂದೇ ನಿಯಮ ಬೇಕು, ಖರ್ಚು ಹಂಚಿಕೊಳ್ಳೋ ದಾರಿಯೂ ಬೇಕು.