‘ಕಲರ್ ಹೋಗಲ್ಲ’ ಅಂದ್ರೆ ಬಿಸಿಲಿಗೂ ಹೋಗಲ್ಲ ಅಂತಲ್ಲ!

ಕರ್ಟನ್ ಅಂಗಡಿಗೆ ಹೋದ್ರೆ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ: ‘ಕಲರ್ ಹೋಗುತ್ತಾ?’ ‘ಇಲ್ಲ, ಗ್ಯಾರಂಟಿ’ ಅಂತ ಉತ್ತರ ಬರುತ್ತೆ. ಆದರೆ ಆ ಗ್ಯಾರಂಟಿ ಹೆಚ್ಚಾಗಿ ಒಗೆಯೋದಕ್ಕೆ ಮಾತ್ರ. ನೀರಲ್ಲಿ ಬಣ್ಣ ದಾರದಿಂದ ಬಿಟ್ಟುಕೊಳ್ಳುತ್ತೆ; ಬಿಸಿಲಲ್ಲಿ ಬಣ್ಣದ ಅಣುವೇ ಒಡೆದುಹೋಗುತ್ತೆ. ಹಾಗಾಗಿ ನೀರಿಗೆ ಬಿಡದ ಬಣ್ಣವೂ ಬಿಸಿಲಿಗೆ ಮಾಸಬಹುದು.

ನೀವು ಕೇಳಬೇಕಾದ ಪದ ‘ಲೈಟ್ ಫಾಸ್ಟ್‌ನೆಸ್’. ಇದನ್ನು 1ರಿಂದ 8ರ ತನಕ ಅಳೀತಾರೆ, 8 ಅತಿ ಗಟ್ಟಿ. ಬಿಸಿಲು ನೇರ ಬೀಳೋ ಕಿಟಕಿಗೆ 6 ಅಥವಾ ಮೇಲಿನದು ಇರಲಿ. ಬ್ರ್ಯಾಂಡೆಡ್ ಬಟ್ಟೆಯ ಸ್ಯಾಂಪಲ್ ಪುಸ್ತಕದ ಹಿಂದೆ ಹಲವು ಸಲ ಈ ಸಂಖ್ಯೆ ಇರುತ್ತೆ. ‘ಸೊಲ್ಯೂಷನ್ ಡೈಡ್’ ಅಂತ ಇದ್ದರೆ ಇನ್ನೂ ಒಳ್ಳೇದು. ಅಂದ್ರೆ ದಾರ ನೂಲೋ ಮೊದಲೇ ಬಣ್ಣ ಬೆರೆಸಿರ್ತಾರೆ. ಕ್ಯಾರೆಟ್ ಥರ, ಒಳಗೂ ಅದೇ ಬಣ್ಣ.

ಈಗ ಒಂದು ಉದಾಹರಣೆ ತಗೊಳ್ಳೋಣ. ಕಲಬುರಗಿಯಲ್ಲಿ ಪಶ್ಚಿಮಕ್ಕೆ ಕಿಟಕಿ ಇರೋ ಹಾಲ್. ಮಧ್ಯಾಹ್ನ 3ರಿಂದ ಸಂಜೆ 6ರ ತನಕ ಬಿಸಿಲು ಕರ್ಟನ್ ಮೇಲೇ. ಗಾಜು ಹಾಕಿದ್ದರೂ ಬಣ್ಣ ಕೆಡಿಸೋ ಬೆಳಕು ಸಾಕಷ್ಟು ಒಳಗೆ ಬರುತ್ತೆ. ಇಲ್ಲಿ ಕಡು ನೇರಳೆ ಕರ್ಟನ್ ಹಾಕಿದ್ರೆ, ಮಡಿಕೆಯ ಉಬ್ಬಿದ ಭಾಗ ಮಾಸಿ, ಒಳಭಾಗ ಹಾಗೇ ಉಳಿದು, ಉದ್ದಕ್ಕೆ ಪಟ್ಟೆ ಬೀಳುತ್ತೆ. ಬೂದು ಬಣ್ಣ ಸೇಫ್ ಅಂದ್ಕೋಬೇಡಿ. ಅದನ್ನು ಎರಡು ಮೂರು ಬಣ್ಣ ಸೇರಿಸಿ ಮಾಡಿರಬಹುದು. ಅದರಲ್ಲಿ ಒಂದು ಮೊದಲು ಹೋದ್ರೆ ಬಟ್ಟೆ ಕೆಂಪಗೋ ಹಸಿರಾಗೋ ತಿರುಗುತ್ತೆ. ಫಳಫಳ ಬಿಳಿಯೂ ಬೇಡ. ಅದಕ್ಕೆ ಹಾಕಿರೋ ಹೊಳಪಿನ ರಾಸಾಯನಿಕ ಬಿಸಿಲಿಗೆ ಸತ್ತು ಹಳದಿ ಕಾಣುತ್ತೆ.

ಈ ಹಾಲ್‌ಗೆ ಮರಳಿನ ಬಣ್ಣ ಅಥವಾ ಕೋರಾ ಬಟ್ಟೆಯ ಬಣ್ಣದ ಕರ್ಟನ್ ಸರಿ. ಕಳ್ಕೊಳ್ಳೋಕೆ ಬಣ್ಣವೇ ಕಮ್ಮಿ, ಹಾಗಾಗಿ ಮಾಸಿದ್ದು ಎದ್ದು ಕಾಣಲ್ಲ. ಹಿಂದೆ ಒಂದು ಲೈನಿಂಗ್ ಹೊಲಿಸಿ. ಮೊದಲ ಪೆಟ್ಟು ಅದಕ್ಕೇ ಬೀಳಲಿ. ಅದು ಹಾಳಾದ್ರೆ ಅದನ್ನಷ್ಟೇ ಬದಲಾಯಿಸಿದ್ರೆ ಸಾಕು. ಸೋಫಾ ಕವರ್‌ಗೆ ಒಂದೇ ಗಾಢ ಬಣ್ಣದ ಬದಲು, ತಿಳಿ ಮತ್ತು ಕಡು ದಾರ ಬೆರೆಸಿ ನೇಯ್ದ ಬಟ್ಟೆ ತಗೊಳ್ಳಿ. ಒಂದು ಕಡೆ ಸ್ವಲ್ಪ ಮಾಸಿದ್ರೂ ಕಣ್ಣಿಗೆ ಬೀಳಲ್ಲ.

ಅಂಗಡಿಯಲ್ಲಿ ಸಂಖ್ಯೆ ಹೇಳದಿದ್ರೆ? ಅಂಗೈಯಷ್ಟು ತುಂಡು ತನ್ನಿ. ಅರ್ಧ ಭಾಗಕ್ಕೆ ದಪ್ಪ ರಟ್ಟು ಸುತ್ತಿ, ಅದೇ ಕಿಟಕಿಯ ಗಾಜಿಗೆ ಒಳಗಿನಿಂದ ಟೇಪ್ ಹಚ್ಚಿ ಒಂದು ತಿಂಗಳು ಬಿಡಿ. ಬೇಸಿಗೆಯಾದ್ರೆ ಇನ್ನೂ ಒಳ್ಳೇದು. ಆಮೇಲೆ ರಟ್ಟು ತೆಗೆದು ಹಗಲು ಬೆಳಕಲ್ಲಿ ನೋಡಿ. ನಡುವೆ ಗೆರೆ ಕಂಡ್ರೆ ಆ ಬಟ್ಟೆ ಬೇಡ. ಕಾಣದಿದ್ರೆ ಎಂದೂ ಮಾಸಲ್ಲ ಅಂತಲ್ಲ, ಬೇಗ ಮಾಸೋ ಜಾತಿಯದ್ದಲ್ಲ ಅಂತ ಮಾತ್ರ. ಅಷ್ಟು ಗೊತ್ತಾದ ಮೇಲೆ ಮೀಟರ್ ಲೆಕ್ಕ ಹಾಕ್ಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.