ಗಟ್ಟಿಯೂ ಖಾತೆಯೂ: ಲಂಡನ್ನಿನಲ್ಲಿ ಚಿನ್ನದ ಬೆಲೆ ಹುಟ್ಟುವ ಬಗೆ



ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಬೆಳಿಗ್ಗೆ ಬರೆದು ಹಾಕುವ ಗ್ರಾಂ ದರದ ಹಿಂದೆ ಒಂದು ಲೆಕ್ಕವಿದೆ. ಲಂಡನ್ನಿನಲ್ಲಿ ಒಂದು ಔನ್ಸ್ ಚಿನ್ನಕ್ಕೆ ಎಷ್ಟು ಡಾಲರ್, ಡಾಲರಿಗೆ ಎಷ್ಟು ರೂಪಾಯಿ ಎಂದು ನೋಡಿ, ಅದರ ಮೇಲೆ ಆಮದು ಸುಂಕ ಸೇರಿಸಿ, ನಮ್ಮ ಪೇಟೆಯಲ್ಲಿ ಬೇಡಿಕೆ ಹೇಗಿದೆ ಎಂಬುದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾರೆ. ಇಲ್ಲಿನ ಔನ್ಸ್ ಎಂದರೆ 31.1035 ಗ್ರಾಂ ತೂಗುವ ಟ್ರಾಯ್ ಔನ್ಸ್. ಲೆಕ್ಕದ ಉಳಿದ ಅಂಶಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಮೊದಲನೆಯ ಅಂಶವನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಲಂಡನ್ನಿನ ಆ ಬೆಲೆ ಯಾವ ವಸ್ತುವಿನ ಬೆಲೆ ಎಂಬುದೇ ನನ್ನ ಇಂದಿನ ವಿಷಯ.

ಚಿನ್ನದ ಬೆಲೆ ಎಂದೇ ನಾವು ಉತ್ತರಿಸುತ್ತೇವೆ. ಆದರೆ ಲಂಡನ್ ಪೇಟೆಯಲ್ಲಿ ಹಗಲೆಲ್ಲ ಕೈ ಬದಲಾಗುವುದು ಬಹುಪಾಲು ಗಟ್ಟಿಗಳಲ್ಲ. ಬ್ಯಾಂಕುಗಳು ಪರಸ್ಪರ ಮತ್ತು ಗ್ರಾಹಕರಿಗೆ ಕೊಡಬೇಕಾದ ಔನ್ಸುಗಳ ಬಾಕಿ ಅಲ್ಲಿ ಕೈ ಬದಲಾಗುತ್ತದೆ. ಇಂಥ ಬಾಕಿ ಬರೆದಿಡುವ ಖಾತೆಗೆ ಪೇಟೆಯವರು ಅನ್‌ಅಲೊಕೇಟೆಡ್ ಖಾತೆ ಎನ್ನುತ್ತಾರೆ. ನಿರ್ದಿಷ್ಟ ಗಟ್ಟಿಗಳನ್ನು ಒಬ್ಬರ ಹೆಸರಿಗೆ ಗುರುತಿಸಿ ಇಟ್ಟರೆ ಅದು ಅಲೊಕೇಟೆಡ್ ಖಾತೆ. ಮೊದಲನೆಯದು ಬ್ಯಾಂಕಿನ ಉಳಿತಾಯ ಖಾತೆಯಂತೆ, ಎರಡನೆಯದು ಲಾಕರಿನಂತೆ. ಉಳಿತಾಯ ಖಾತೆಯ ಹಣ ಬ್ಯಾಂಕು ನಮಗೆ ತೀರಿಸಬೇಕಾದ ಸಾಲ. ಲಾಕರಿನಲ್ಲಿರುವ ಸರ ನಮ್ಮದೇ ಸೊತ್ತು, ಬ್ಯಾಂಕು ಕಾವಲುಗಾರ ಮಾತ್ರ. ಬ್ಯಾಂಕು ಮುಳುಗಿದಾಗ ಇವೆರಡರ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಲಾಕರಿನವರು ತಮ್ಮ ವಸ್ತುವನ್ನು ಕೇಳಿ ಪಡೆಯಬಹುದು. ಅನ್‌ಅಲೊಕೇಟೆಡ್ ಖಾತೆಯವರು ಯಾವ ಅಡಮಾನವೂ ಇಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕು. ರೂಪಾಯಿ ಠೇವಣಿಗಿರುವಂಥ ವಿಮೆಯೂ ಅವರಿಗಿಲ್ಲ.

ಗಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲಂಡನ್ ಪೇಟೆ ಒಪ್ಪುವ ಗುಡ್ ಡೆಲಿವರಿ ಗಟ್ಟಿಯಲ್ಲಿ 350ರಿಂದ 430 ಔನ್ಸ್‌ವರೆಗೆ ಶುದ್ಧ ಚಿನ್ನ ಇರಬೇಕು, ಶುದ್ಧತೆ ಸಾವಿರಕ್ಕೆ 995ಕ್ಕಿಂತ ಕಡಿಮೆ ಇರಬಾರದು. ಸಾಮಾನ್ಯವಾಗಿ ಒಂದು ಗಟ್ಟಿ 400 ಔನ್ಸಿನ ಆಸುಪಾಸು, ಎಂದರೆ ಸುಮಾರು ಹನ್ನೆರಡೂವರೆ ಕಿಲೋ ತೂಗುತ್ತದೆ. ಅದರ ಮೇಲೆ ಶುದ್ಧೀಕರಿಸಿದವರ ಮುದ್ರೆ, ಕ್ರಮಸಂಖ್ಯೆ, ಶುದ್ಧತೆ, ತಯಾರಾದ ವರ್ಷ ಒತ್ತಿರುತ್ತವೆ. ಎರಕದ ಗಟ್ಟಿಯಾದ್ದರಿಂದ ಒಂದರ ತೂಕದಂತೆ ಇನ್ನೊಂದರದು ಇರುವುದಿಲ್ಲ. 401.250 ಔನ್ಸ್ ತೂಗುವ, 995.8 ಶುದ್ಧತೆಯ ಗಟ್ಟಿಯೊಂದರಲ್ಲಿ ಶುದ್ಧ ಚಿನ್ನ 399.565 ಔನ್ಸ್.

ಈಗ ಒಬ್ಬ ಗ್ರಾಹಕನ ಅನ್‌ಅಲೊಕೇಟೆಡ್ ಖಾತೆಯಲ್ಲಿ 4,000 ಔನ್ಸ್ ಇದೆ ಎನ್ನೋಣ. ತನ್ನ ಪಾಲನ್ನು ಗುರುತಿಸಿ ಕೊಡಿ ಎಂದು ಅವನು ಬ್ಯಾಂಕನ್ನು ಕೇಳುತ್ತಾನೆ. ಬ್ಯಾಂಕು ತನ್ನ ಖಜಾನೆಯಿಂದ ಹತ್ತು ಗಟ್ಟಿ ಆರಿಸಿ, ಪ್ರತಿಯೊಂದರ ಸಂಖ್ಯೆ, ತೂಕ, ಶುದ್ಧತೆ ಬರೆದ ಗಟ್ಟಿಪಟ್ಟಿಯನ್ನು ಕಳಿಸುತ್ತದೆ. ಹತ್ತರ ಒಟ್ಟು ಶುದ್ಧ ಚಿನ್ನ 3,991.340 ಔನ್ಸ್ ಬಂದರೆ ಉಳಿದ 8.660 ಔನ್ಸ್ ಹಳೆಯ ಖಾತೆಯಲ್ಲೇ ಉಳಿಯುತ್ತದೆ, ಏಕೆಂದರೆ ಗಟ್ಟಿಯನ್ನು ಕತ್ತರಿಸಿ ಕೊಡುವಂತಿಲ್ಲ. ಅಂದಿನಿಂದ ಅವನು ಕಾವಲು ಶುಲ್ಕ ಕಟ್ಟಬೇಕು. ಬ್ಯಾಂಕು ಆ ಗಟ್ಟಿಗಳನ್ನು ಇನ್ನೊಬ್ಬರಿಗೆ ಸಾಲ ಕೊಡುವಂತಿಲ್ಲ. ಕೈಯಲ್ಲಿರುವುದು ಯಾವ ಬಗೆಯ ಖಾತೆ ಎಂದು ತಿಳಿಯುವ ನೇರವಾದ ದಾರಿಯೂ ಇದೇ. ನಿಮ್ಮ ಹೆಸರಿನಲ್ಲಿ ಸಂಖ್ಯೆ ಸಮೇತ ಗಟ್ಟಿಪಟ್ಟಿ ಬರದಿದ್ದರೆ ನಿಮ್ಮಲ್ಲಿರುವುದು ಚಿನ್ನದಲ್ಲಿ ಎಣಿಸಿದ ಒಂದು ಬಾಕಿ.

ಹಾಗಿದ್ದೂ ಜನ ಬಾಕಿಯನ್ನೇ ಇಷ್ಟಪಡುತ್ತಾರೆ, ಅದಕ್ಕೆ ನ್ಯಾಯವಾದ ಕಾರಣವಿದೆ. ತೂಕ ಬೇರೆ ಬೇರೆಯಿರುವ ಗಟ್ಟಿಗಳನ್ನು ಇಟ್ಟುಕೊಂಡು ದಿನಕ್ಕೆ ಸಾವಿರಾರು ವ್ಯಾಪಾರ ಮಾಡುವುದು ಆಗದ ಮಾತು. ಔನ್ಸಿನ ಬಾಕಿಯಾದರೆ ಎಷ್ಟು ಬೇಕಾದರೂ ಮುರಿಯಬಹುದು, ಸೇರಿಸಬಹುದು, ಸಂಜೆ ಒಂದಕ್ಕೊಂದು ವಜಾ ಮಾಡಬಹುದು. ಎಚ್‌ಎಸ್‌ಬಿಸಿ, ಜೆಪಿ ಮಾರ್ಗನ್, ಯುಬಿಎಸ್, ಐಸಿಬಿಸಿ ಸ್ಟ್ಯಾಂಡರ್ಡ್ ಎಂಬ ನಾಲ್ಕು ಬ್ಯಾಂಕುಗಳು ಸೇರಿ ಈ ವಜಾ ಲೆಕ್ಕವನ್ನು ನಡೆಸುತ್ತವೆ. ದಿನಕ್ಕೆರಡು ಬಾರಿ, ಲಂಡನ್ ಸಮಯ 10:30ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ, ನಡೆಯುವ ಹರಾಜಿನಲ್ಲಿ ನಿಗದಿಯಾಗುವ ಬೆಲೆಯೂ ಅನ್‌ಅಲೊಕೇಟೆಡ್ ಚಿನ್ನದ ಬೆಲೆಯೇ. ಜಗತ್ತಿನ ಒಪ್ಪಂದಗಳೆಲ್ಲ ಆಧಾರ ಮಾಡಿಕೊಳ್ಳುವ ಸಂಖ್ಯೆ ಹೀಗೆ ಬ್ಯಾಂಕಿನ ಮೇಲಿನ ಒಂದು ಹಕ್ಕಿನ ಬೆಲೆ.

ಅದು ಗಟ್ಟಿಯ ಬೆಲೆಯೂ ಆಗಲು ಒಂದು ಷರತ್ತು ಇದೆ. ಹಕ್ಕನ್ನು ಗಟ್ಟಿಯಾಗಿ ಬದಲಿಸುವುದು ಸುಲಭವಾಗಿರಬೇಕು, ಅಗ್ಗವಾಗಿರಬೇಕು, ಬೇಗ ಆಗಬೇಕು. ಎರಡರ ಬೆಲೆ ಬೇರೆಯಾದ ಕೂಡಲೇ ಅಗ್ಗದ್ದನ್ನು ಕೊಂಡು ದುಬಾರಿಯದನ್ನು ಮಾರುವವರು ಇದ್ದೇ ಇರುತ್ತಾರೆ, ಅವರ ವ್ಯಾಪಾರವೇ ಎರಡನ್ನೂ ಸಮ ಮಾಡುತ್ತದೆ. ಬದಲಾವಣೆಯ ದಾರಿ ಕಟ್ಟಿಕೊಂಡರೆ? 2025ರ ಆರಂಭದಲ್ಲಿ ಆದದ್ದು ಅದೇ.

2024ರ ನವೆಂಬರಿನ ಚುನಾವಣೆಯ ನಂತರ ಅಮೆರಿಕ ಎಲ್ಲ ಆಮದಿನ ಮೇಲೂ ಸುಂಕ ಹಾಕಬಹುದು, ಚಿನ್ನವನ್ನೂ ಬಿಡಲಾರದು ಎಂಬ ಭಯ ಹರಡಿತು. ನ್ಯೂಯಾರ್ಕಿನ ಕಾಮೆಕ್ಸ್ ವಾಯಿದಾ ಪೇಟೆಯಲ್ಲಿ ಚಿನ್ನ ಲಂಡನ್ನಿಗಿಂತ ದುಬಾರಿಯಾಗತೊಡಗಿತು. ಸಾಮಾನ್ಯ ದಿನಗಳಲ್ಲಿ ಈ ಅಂತರ ತೀರ ಸಣ್ಣದು. ಆಗ ಅದು ಔನ್ಸಿಗೆ ಹತ್ತಾರು ಡಾಲರಿಗೆ ಏರಿತು. ಅಂತರ 50 ಡಾಲರ್ ಎಂದಿಟ್ಟುಕೊಂಡರೆ 400 ಔನ್ಸಿನ ಒಂದು ಗಟ್ಟಿಯ ಮೇಲೆ ಸಿಗುವುದು 20,000 ಡಾಲರ್. ಇದರ ಇನ್ನೊಂದು ಮುಖ ಇನ್ನೂ ಕಠಿಣ. ಬ್ಯಾಂಕುಗಳು ಎಂದಿನಿಂದಲೂ ಲಂಡನ್ನಿನಲ್ಲಿ ಬಾಕಿ ಚಿನ್ನ ಇಟ್ಟುಕೊಂಡು, ಬೆಲೆಯ ಏರಿಳಿತದಿಂದ ಕಾಪಾಡಿಕೊಳ್ಳಲು ನ್ಯೂಯಾರ್ಕಿನಲ್ಲಿ ವಾಯಿದಾ ಮಾರಿರುತ್ತವೆ. ಅಂತರ ಹಿಗ್ಗಿದಷ್ಟೂ ಅವುಗಳಿಗೆ ನಷ್ಟ. ಅದರಿಂದ ಪಾರಾಗಲು ಒಂದೋ ನಷ್ಟ ನುಂಗಿ ವಾಯಿದಾವನ್ನು ಮರಳಿ ಕೊಳ್ಳಬೇಕು, ಇಲ್ಲವೇ ನಿಜವಾದ ಗಟ್ಟಿಯನ್ನು ನ್ಯೂಯಾರ್ಕಿಗೆ ಒಯ್ದು ಒಪ್ಪಿಸಬೇಕು.

ಅಲ್ಲಿ ಲಂಡನ್ನಿನ ಗಟ್ಟಿ ನಡೆಯುವುದಿಲ್ಲ. ಕಾಮೆಕ್ಸಿನ ಮುಖ್ಯ ಒಪ್ಪಂದ 100 ಔನ್ಸಿನದು, ಅದಕ್ಕೆ 100 ಔನ್ಸಿನ ಒಂದು ಗಟ್ಟಿ ಅಥವಾ ಒಂದೊಂದು ಕಿಲೋದ ಮೂರು ಗಟ್ಟಿ ಕೊಡಬೇಕು. ಹಾಗಾಗಿ ಲಂಡನ್ನಿನ ಗಟ್ಟಿಗಳು ಮೊದಲು ಸ್ವಿಟ್ಜರ್ಲೆಂಡಿನ ಶುದ್ಧೀಕರಣ ಘಟಕಗಳಿಗೆ ಹೋಗಿ, ಕರಗಿ, ಕಿಲೋ ಗಟ್ಟಿಗಳಾಗಿ ವಿಮಾನ ಹತ್ತಬೇಕಾಯಿತು. ಇದೇ ಕೊಂಡಿ 2020ರ ಮಾರ್ಚಿನಲ್ಲೂ ಕಳಚಿತ್ತು. ಅಂದು ಕೋವಿಡ್‌ನಿಂದ ಆ ಘಟಕಗಳು ಮುಚ್ಚಿ, ವಿಮಾನಗಳು ನಿಂತು, ಎರಡು ಪೇಟೆಗಳ ಬೆಲೆ ಕೆಲ ದಿನ ಬೇರೆ ಬೇರೆ ದಾರಿ ಹಿಡಿದಿದ್ದವು. 2025ರಲ್ಲಿ ಕುಲುಮೆಗಳು ಉರಿಯುತ್ತಿದ್ದವು, ತೊಡಕು ಲಂಡನ್ನಿನಲ್ಲೇ ಇತ್ತು.

2025ರ ಜನವರಿಯೊಂದರಲ್ಲೇ ಲಂಡನ್ ಖಜಾನೆಗಳಿಂದ ಸುಮಾರು 151 ಟನ್ ಚಿನ್ನ ಹೊರಟುಹೋಯಿತು. ತಿಂಗಳ ಕೊನೆಗೆ ಉಳಿದದ್ದು ಸುಮಾರು 8,535 ಟನ್. ಇಳಿದದ್ದು ಶೇಕಡ ಎರಡೂ ಇಲ್ಲ. ಆದರೂ ಪೇಟೆ ಬಿಗಿಯಾಯಿತು. ಒಂದು ತಿಂಗಳ ಮಟ್ಟಿಗೆ ಚಿನ್ನವನ್ನು ಸಾಲ ಪಡೆಯಲು ತೆರಬೇಕಾದ ಬಡ್ಡಿ, ಎಂದಿನ ಸೊನ್ನೆಯ ಹತ್ತಿರದಿಂದ ವಾರ್ಷಿಕ ಶೇಕಡ ಐದರ ಸಮೀಪಕ್ಕೆ ಜಿಗಿಯಿತು. ಇದೇಕೆಂದು ಅರ್ಥ ಮಾಡಿಕೊಳ್ಳದೆ ಕಾಗದದ ಚಿನ್ನದ ಬಗ್ಗೆ ಮಾತಾಡಬಾರದು ಎಂದು ನಾನು ಭಾವಿಸುತ್ತೇನೆ. ಆ ಎಂಟೂವರೆ ಸಾವಿರ ಟನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಬ್ಯಾಂಕ್ ಆಫ್ ಇಂಗ್ಲೆಂಡಿನ ನೆಲಮಾಳಿಗೆಯಲ್ಲಿ, ಅದರಲ್ಲಿ ಹೆಚ್ಚಿನದು ದೇಶಗಳ ಕೇಂದ್ರ ಬ್ಯಾಂಕುಗಳದ್ದು. ಇನ್ನೊಂದು ದೊಡ್ಡ ಪಾಲು ಚಿನ್ನದ ಇಟಿಎಫ್ ನಿಧಿಗಳದ್ದು. ಇವೆಲ್ಲ ಅಲೊಕೇಟೆಡ್ ಗಟ್ಟಿಗಳು, ಒಡೆಯರಿರುವ ಗಟ್ಟಿಗಳು. ಅನ್‌ಅಲೊಕೇಟೆಡ್ ಬಾಕಿಗಳನ್ನು ತೀರಿಸಲು ಸಿಗುವುದು ಇವನ್ನೆಲ್ಲ ಕಳೆದು ಉಳಿದ ತೆಳುವಾದ ಪಾಲು. ಪೇಟೆಯ ಬಿಗಿತವನ್ನು ಅಳೆಯಬೇಕಾದದ್ದು ಆ ಪಾಲಿನಿಂದ. ಒಟ್ಟು ದಾಸ್ತಾನಿನಿಂದ ಏನೂ ತಿಳಿಯುವುದಿಲ್ಲ.

ಗಟ್ಟಿ ಬೇಕಾದವರು ಕೇಂದ್ರ ಬ್ಯಾಂಕುಗಳಿಂದ ಸಾಲ ಪಡೆಯಲು ಹೋದರು. ಸಾಲವೇನೋ ಸಿಕ್ಕಿತು, ಆದರೆ ಗಟ್ಟಿ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಹೊರಬರಬೇಕಲ್ಲ. ಹಳೆಯ ಕಟ್ಟಡ, ಬಿಗಿ ಭದ್ರತೆ, ಲಾರಿಗಳಿಗೆ ಮೊದಲೇ ಸಮಯ ಗೊತ್ತು ಮಾಡಬೇಕು. ಕೆಲವೇ ದಿನ ಹಿಡಿಯುತ್ತಿದ್ದ ಸರದಿ ನಾಲ್ಕರಿಂದ ಎಂಟು ವಾರಕ್ಕೆ ಬೆಳೆಯಿತು. ಆಗ ಲಂಡನ್ ಒಂದೇ ಊರಿನಲ್ಲಿ ಚಿನ್ನಕ್ಕೆ ಎರಡು ಬೆಲೆ ಹುಟ್ಟಿತು. ಬ್ಯಾಂಕ್ ಆಫ್ ಇಂಗ್ಲೆಂಡಿನೊಳಗಿನ ಚಿನ್ನ, ಹೊರಗಿನ ಖಜಾನೆಗಳ ಚಿನ್ನಕ್ಕಿಂತ ಔನ್ಸಿಗೆ ಕೆಲವು ಡಾಲರ್ ಕಡಿಮೆಗೆ ಮಾರಾಟವಾಯಿತು. ಫೆಬ್ರುವರಿಯ ಪತ್ರಿಕಾಗೋಷ್ಠಿಯಲ್ಲಿ ಉಪ ಗವರ್ನರ್ ಡೇವ್ ರಾಮ್ಸ್‌ಡೆನ್ ಈ ಬೆಲೆಯ ವ್ಯತ್ಯಾಸವನ್ನೂ ಸಾಗಣೆಯ ಮಿತಿಯನ್ನೂ ಒಪ್ಪಿಕೊಂಡರು. ಲೋಹ ಅದೇ, ಶುದ್ಧತೆ ಅದೇ, ಊರೂ ಅದೇ. ಕೈಗೆ ಸಿಗಲು ಹಿಡಿಯುವ ಕಾಲ ಮಾತ್ರ ಬೇರೆ. ಏಪ್ರಿಲ್ 2ರಂದು ಸುಂಕದ ಘೋಷಣೆ ಬಂದಾಗ ಚಿನ್ನದ ಗಟ್ಟಿಗೆ ವಿನಾಯಿತಿ ಸಿಕ್ಕಿತು, ನ್ಯೂಯಾರ್ಕಿನ ಹೆಚ್ಚುವರಿ ಬೆಲೆ ಕುಸಿಯಿತು. ಅಷ್ಟರಲ್ಲಿ ಕಾಮೆಕ್ಸ್ ದಾಸ್ತಾನು ನವೆಂಬರಿನಲ್ಲಿದ್ದದ್ದಕ್ಕಿಂತ ಎರಡು ಪಟ್ಟು ದಾಟಿತ್ತು.

ಕಾಗದದ ಚಿನ್ನ ಬೆಲೆಯನ್ನು ತುಳಿದಿಡುತ್ತದೆ ಎಂಬ ವಾದವನ್ನು ನೀವು ಕೇಳಿರುತ್ತೀರಿ. ಒಂದು ಔನ್ಸ್ ಗಟ್ಟಿಗೆ ನೂರು ಔನ್ಸ್ ಕಾಗದ ಎಂಬಂಥ ಅನುಪಾತಗಳನ್ನೂ ಹೇಳುತ್ತಾರೆ. ಇವನ್ನು ನಾನು ಒಪ್ಪುವುದಿಲ್ಲ. ಅವು ಹೆಚ್ಚಾಗಿ ವಹಿವಾಟನ್ನು ದಾಸ್ತಾನಿನಿಂದ ಭಾಗಿಸಿ ಬಂದವು. ಒಂದೇ ಔನ್ಸ್ ದಿನಕ್ಕೆ ಇಪ್ಪತ್ತು ಸಲ ಕೈ ಬದಲಾಯಿಸಿದರೆ ಇಪ್ಪತ್ತು ಹಕ್ಕುಗಳು ಹುಟ್ಟುವುದಿಲ್ಲ. ಬೇಕಾದದ್ದು ದಿನದ ಕೊನೆಗೆ ಬ್ಯಾಂಕುಗಳು ಕೊಡಬೇಕಾಗಿ ಉಳಿದ ಒಟ್ಟು ಅನ್‌ಅಲೊಕೇಟೆಡ್ ಬಾಕಿ. ಆ ಒಂದು ಸಂಖ್ಯೆ ಸಾರ್ವಜನಿಕರಿಗೆ ಪ್ರಕಟವಾಗುವುದಿಲ್ಲ. ಖಜಾನೆಯ ದಾಸ್ತಾನು ತಿಂಗಳಿಗೊಮ್ಮೆ ಪ್ರಕಟವಾಗುವಾಗ, ಅದರ ಮೇಲಿನ ಹಕ್ಕುಗಳ ಮೊತ್ತ ಮುಚ್ಚಿರುವುದು ಸರಿಯಲ್ಲ. ಈ ಪೇಟೆಯ ಮೇಲೆ ನನ್ನ ನಿಜವಾದ ಆಕ್ಷೇಪ ಇದು.

ಆದರೂ ಆ ವಾದದಲ್ಲಿ ಒಂದು ಸತ್ಯವಿದೆ. ಚಿನ್ನ ಬೇಕೆಂದು ಬಂದವನು ಬಾಕಿಯಿಂದ ತೃಪ್ತನಾದರೆ ಅವನ ಬೇಡಿಕೆ ಗಟ್ಟಿಯ ತನಕ ಮುಟ್ಟುವುದಿಲ್ಲ. ಬ್ಯಾಂಕು ಲೆಕ್ಕದ ಪುಸ್ತಕದಲ್ಲಿ ಔನ್ಸುಗಳನ್ನು ಸೇರಿಸಿ ಅವನನ್ನು ಕಳಿಸಬಲ್ಲದು. ಅದೇ ಬೇಡಿಕೆ ಗಟ್ಟಿಯಾಗಿಯೇ ಬೇಕೆಂದು ಹಟ ಹಿಡಿದಾಗ, ಅದರ ಬಿಸಿ ಮೊದಲು ತಟ್ಟುವುದು ಪತ್ರಿಕೆಯಲ್ಲಿ ಬರುವ ಬೆಲೆಗಲ್ಲ. ಚಿನ್ನದ ಸಾಲದ ಬಡ್ಡಿಯಲ್ಲಿ, ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಂತರದಲ್ಲಿ, ಖಜಾನೆಯ ಸರದಿಯ ಉದ್ದದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಇವು ಮೂರೂ ಶಾಂತವಾಗಿದ್ದರೆ ಹಕ್ಕಿನ ಬೆಲೆಯನ್ನು ಗಟ್ಟಿಯ ಬೆಲೆಯೆಂದು ನಂಬಬಹುದು.

ನಮ್ಮ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲೂ ಈ ಭೇದ ಕಾಣುತ್ತದೆ. 2025ರ ಮಾರ್ಚ್ ಕೊನೆಗೆ ಅದರ ಬಳಿ ಇದ್ದ ಸುಮಾರು 880 ಟನ್ ಚಿನ್ನದಲ್ಲಿ 512 ಟನ್ ದೇಶದೊಳಗಿತ್ತು. 348.62 ಟನ್ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬಾಸೆಲ್‌ನ ಬಿಐಎಸ್ ಕಾವಲಿನಲ್ಲಿತ್ತು. ಉಳಿದ 18.98 ಟನ್‌ಗೆ ವರದಿ ಕೊಟ್ಟ ಹೆಸರು ಚಿನ್ನದ ಠೇವಣಿ. ಈ ಕೊನೆಯದು ಇನ್ನೊಂದು ಸಂಸ್ಥೆ ನಮಗೆ ಹಿಂತಿರುಗಿಸಬೇಕಾದ ಚಿನ್ನ. ಕಳೆದ ಕೆಲವು ವರ್ಷಗಳಲ್ಲಿ ರಿಸರ್ವ್ ಬ್ಯಾಂಕು ಲಂಡನ್ನಿನಿಂದ ದೊಡ್ಡ ಪ್ರಮಾಣದಲ್ಲಿ ಗಟ್ಟಿಗಳನ್ನು ಮನೆಗೆ ತಂದಿದೆ. ಕಾವಲುಗಾರನ ಬಗ್ಗೆ ಸಂಶಯವಿರುವವರಿಗೆ ಅದು ಸಮಾಧಾನದ ಸುದ್ದಿ, ಆದರೆ ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಲಂಡನ್ನಿನಲ್ಲಿರುವ ಗಟ್ಟಿಯನ್ನು ಸಾಲ ಕೊಡಬಹುದು, ಮಾರಬಹುದು, ಅಡವಿಡಬಹುದು, ಅದೂ ಸಾಗಣೆಯಿಲ್ಲದೆ, ಲೆಕ್ಕದ ಬದಲಾವಣೆಯಿಂದಲೇ. ಇಲ್ಲಿರುವ ಗಟ್ಟಿಗೆ ಆ ಅನುಕೂಲವಿಲ್ಲ. 1991ರ ಜುಲೈಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40 ಕೋಟಿ ಡಾಲರ್ ಸಾಲ ಪಡೆಯಲು, 46.91 ಟನ್ ಚಿನ್ನವನ್ನು ಮುಂಬಯಿಯಿಂದ ವಿಮಾನದಲ್ಲಿ ಕಳಿಸಿದ ಮೇಲೆಯೇ ಅದು ಅಡವಿಗೆ ಒಪ್ಪಿಗೆಯಾದದ್ದು.