ಸರ್ ಹೆಸರಲ್ಲಿ ಮೇಲ್ ಬರೆಯೋದು: ಟೋನ್ ಸರಿಯಿತ್ತು, ಮಾತು ಯಾರದು?

ನಾನು ರಾಯಚೂರು ಕಡೆಯವಳು. ಹೈದರಾಬಾದ್‌ಗೆ ಬಂದು ಹನ್ನೊಂದು ವರ್ಷ ಆಯ್ತು. 1956ರ ತನಕ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಹಾಗಾಗಿ ಅಜ್ಜನ ಕಾಲದವರಿಗೆ ಇದೇ ರಾಜಧಾನಿ. ನಾನು ವಲಸೆ ಬಂದವಳು ಅಂದ್ರೆ ಮನೆಯಲ್ಲಿ ಹಿರಿಯರು ನಗ್ತಾರೆ.

ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಡೆಲಿವರಿ ಹೆಡ್ ಒಬ್ಬರ ಜೊತೆ ಕೆಲಸ ಮಾಡ್ತೀನಿ. ಐಡಿ ಕಾರ್ಡಲ್ಲಿ ಏನೇ ಬರೆದಿರಲಿ, ಅರ್ಧ ದಿನ ಹೋಗೋದು ಅವರ ಹೆಸರಲ್ಲಿ ಮೇಲ್ ಬರೆಯೋದರಲ್ಲಿ. ಕೇಳ್ತಿರೋ ನಿಮ್ಮಲ್ಲೂ ತುಂಬಾ ಜನ ಇದನ್ನು ಮಾಡ್ತೀರಿ. ಲೀಡ್ ಆಗಿದ್ರೆ ಮ್ಯಾನೇಜರ್‌ಗೆ ಬರೆದುಕೊಡ್ತೀರಿ, ಮ್ಯಾನೇಜರ್ ಆಗಿದ್ರೆ ವೈಸ್ ಪ್ರೆಸಿಡೆಂಟ್‌ಗೆ. ‘ನೀನೇ ಒಂದು ಡ್ರಾಫ್ಟ್ ಮಾಡಿ ಕಳಿಸು’ ಅಂತಾರಲ್ಲ, ಅದೇ ಕೆಲಸ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ.

ನಮ್ಮ ಕ್ಲೈಂಟ್ ಚಿಕಾಗೋದವರು. ಒಂದು ದಿನ ಅವರ ಮ್ಯಾನೇಜರ್‌ರಿಂದ ಮೇಲ್ ಬಂತು, ಅದರಲ್ಲಿ ಮೂರು ವಿಷಯ ಕೇಳಿದ್ರು. ಒಂದು, ಮುಂದಿನ ರಿಲೀಸ್‌ನಲ್ಲಿ ರಿಪೋರ್ಟ್ ಮಾಡ್ಯೂಲ್ ಸೇರಿಸ್ತೀರಾ? ಎರಡು, ಸೋಮವಾರದಿಂದ ನಾಲ್ಕು ವಾರಕ್ಕೆ ಇನ್ನೊಬ್ಬ ಟೆಸ್ಟರ್ ಕೊಡ್ತೀರಾ? ಮೂರು, ಹಿಂದಿನ ವಾರ ಸಿಸ್ಟಮ್ ಬಿದ್ದಿತ್ತಲ್ಲ, ಅದರ ಕಾರಣದ ವರದಿ ಯಾವಾಗ? ಸರ್ ಲಿಫ್ಟ್ ಹತ್ತಿರ ಸಿಕ್ಕಿದಾಗ ಕೇಳಿದೆ. ನಡೀತಾ ನಡೀತಾನೇ ಹೇಳಿದ್ರು: ‘ರಿಪೋರ್ಟ್ ಓಕೆ ಅನ್ನು. ಟೆಸ್ಟರ್ ಚೂದ್ದಾಂ. ವರದಿ ಶುಕ್ರವಾರ.’

ಚೂದ್ದಾಂ ಅಂದ್ರೆ ನಮ್ಮ ‘ನೋಡೋಣ’. ಮಗಳ ಮದುವೆಗೆ ಸಾಲ ಕೇಳೋಕೆ ಬಂದವರಿಗೆ ‘ನೋಡೋಣ’ ಅಂದ್ರೆ ಅದರ ಅರ್ಥ ಏನು ಅಂತ ನಮಗೆಲ್ಲ ಗೊತ್ತು. ಸರ್ ಹೇಳಿದ್ದೂ ಅದೇ ‘ನೋಡೋಣ’. ಆದರೆ ನಾನು ಅದನ್ನು ಇಂಗ್ಲಿಷಿಗೆ ತರುವಾಗ ‘ಸೋಮವಾರದಿಂದ ಒಬ್ಬ ಟೆಸ್ಟರ್ ಕೊಡಲು ಪ್ರಯತ್ನಿಸುತ್ತೇವೆ’ ಅಂತ ಬರೆದೆ. ಎಷ್ಟು ಮರ್ಯಾದೆಯ ವಾಕ್ಯ ಅಂತ ಖುಷಿಪಟ್ಟೆ. ಡ್ರಾಫ್ಟ್ ಸರ್‌ಗೆ ಹೋಯ್ತು, ಅವರು ಫೋನಲ್ಲೇ ನೋಡಿ ಹೆಬ್ಬೆರಳು ತೋರಿಸಿದ್ರು, ಮೇಲ್ ಹೋಯ್ತು.

ಮರುದಿನ ಆ ಕಡೆಯಿಂದ ಉತ್ತರ: ‘ಟೆಸ್ಟರ್ ವಿಷಯ ಖಚಿತಪಡಿಸಿದ್ದಕ್ಕೆ ಧನ್ಯವಾದ. ಸೋಮವಾರಕ್ಕೆ ಅವರ ಆಕ್ಸೆಸ್ ರೆಡಿ ಮಾಡಿಸ್ತಿದ್ದೀವಿ.’ ಅದು ಸಿಸಿಯಲ್ಲಿ ಹತ್ತು ಜನರಿಗೆ ಬಂದಿತ್ತು. ಈಗ ‘ಇಲ್ಲ, ನಾವು ಹಾಗೆ ಹೇಳಿಲ್ಲ’ ಅಂತ ಸರ್ ಬರೀಬೇಕು, ಇಲ್ಲ ಟೆಸ್ಟರ್ ಕೊಡಬೇಕು. ಕೊಟ್ರು. ದಿನಕ್ಕೆ 8 ಗಂಟೆ, ವಾರಕ್ಕೆ ಐದು ದಿನ, ನಾಲ್ಕು ವಾರ, ಒಟ್ಟು 160 ಗಂಟೆ. ದುಡ್ಡಿನ ಮಾತೇ ಮೇಲ್‌ನಲ್ಲಿ ಇರಲಿಲ್ಲವಲ್ಲ, ಬಿಲ್ಲಿಂಗ್ ಸೊನ್ನೆ. ಆ ಹುಡುಗನನ್ನು ಬೇರೆ ಪ್ರಾಜೆಕ್ಟಿನಿಂದ ಎಳೆದು ತಂದಿದ್ರು, ಅಲ್ಲಿನ ಮ್ಯಾನೇಜರ್ ಇವತ್ತಿಗೂ ನನ್ನ ಜೊತೆ ಅಷ್ಟಕ್ಕಷ್ಟೇ.

ನಾನು ಸರ್ ಮುಂದೆ ನಿಂತು ಕೇಳಿದೆ, ‘ಸರ್, ನೀವು ಓದಿ ಓಕೆ ಅಂದ್ರಲ್ಲ?’ ಅವರು ಬೈಲಿಲ್ಲ. ‘ನಾನು ಬರೆದ ಹಾಗೇ ಇತ್ತಮ್ಮಾ, ಅದಕ್ಕೇ ಓದಲಿಲ್ಲ’ ಅಂದ್ರು.

ಈ ಮಾತನ್ನೇ ನಾನಿವತ್ತು ಹೇಳೋಕೆ ಬಂದದ್ದು. ನಾವು ಬಾಸ್ ಥರ ಬರೆಯೋದು ಕಲಿತಷ್ಟೂ ಬಾಸ್ ಅದನ್ನು ಓದೋದು ಕಮ್ಮಿ ಮಾಡ್ತಾರೆ. ಡ್ರಾಫ್ಟ್ ಒರಟಾಗಿದ್ರೆ ಪ್ರತಿ ಸಾಲೂ ತಿದ್ದುತ್ತಾರೆ, ಆಗ ತಪ್ಪು ಮಾತೂ ಸಿಕ್ಕಿಬೀಳುತ್ತೆ. ಅವರದೇ ದನಿ ಬಂತು ಅಂದ್ರೆ ಕಣ್ಣು ಜಾರಿಕೊಂಡು ಹೋಗುತ್ತೆ. ಅದಕ್ಕೇ ಟೋನ್ ಹೊಂದಿಸೋದು ಒಂದು ಕೆಲಸ, ಮಾತು ಪರೀಕ್ಷಿಸೋದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಓದಿನಲ್ಲಿ ಮಾಡೋಕೆ ಹೋಗಬೇಡಿ.

ಟೋನ್ ಬಗ್ಗೆ ಬೇಗ ಹೇಳ್ತೀನಿ, ಅದು ಅಂಥ ಕಷ್ಟ ಅಲ್ಲ. ಬಾಸ್ ತಾವೇ ಬರೆದ ಇಪ್ಪತ್ತು ಮೇಲ್ ತಗೊಳ್ಳಿ. ಮೂರು ಗುಂಪು ಮಾಡಿ: ಅವರ ಮೇಲಿನವರಿಗೆ ಹೋದದ್ದು, ಕ್ಲೈಂಟ್‌ಗೆ ಹೋದದ್ದು, ಟೀಮಿಗೆ ಹೋದದ್ದು. ಒಬ್ಬರೇ ಮನುಷ್ಯ, ಮೂರು ದನಿ. ನಮ್ಮ ಸರ್ ಟೀಮಿಗೆ ಬರೆಯುವಾಗ ನಮಸ್ಕಾರನೂ ಇಲ್ಲ, ಹೆಸರು, ಒಂದು ಕಾಮಾ, ನೇರ ವಿಷಯ. ಕ್ಲೈಂಟ್‌ಗೆ ಮೂರು ಸಾಲಿಗಿಂತ ಉದ್ದದ ಪ್ಯಾರಾ ಬರೆಯೋದೇ ಇಲ್ಲ. ಕ್ಷಮೆ ಕೇಳೋದು ಒಂದೇ ಸಲ, ಅದೂ ಮೊದಲ ಸಾಲಲ್ಲಿ, ಆಮೇಲೆ ಆ ಸುದ್ದಿ ಇಲ್ಲ. ನಾನು ಶುರುವಿನಲ್ಲಿ ಪ್ರತಿ ಪ್ಯಾರಾದಲ್ಲೂ ಸಾರಿ ಹಾಕ್ತಿದ್ದೆ. ‘ಡು ದ ನೀಡ್‌ಫುಲ್’ ಅಂತಲೂ ಬರೀತಿದ್ದೆ, ಅವರು ಜನ್ಮದಲ್ಲಿ ಬರೆದವರಲ್ಲ.

ಆದರೆ ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು, ಅವರು ‘ಇಲ್ಲ’ ಅನ್ನೋದು ಹೇಗೆ ಅಂತ. ಕೆಲವರು ನೇರವಾಗಿ ಇಲ್ಲ ಅಂತಾರೆ. ಕೆಲವರು ಪ್ರಶ್ನೆ ಕೇಳಿ ತಪ್ಪಿಸ್ಕೋತಾರೆ. ನಮ್ಮ ಸರ್ ಕಾರಣ ಮೊದಲು ಹೇಳಿ, ಆಮೇಲೆ ಬೇರೆ ದಾರಿ ಕೊಡ್ತಾರೆ. ಅದು ನನಗೆ ಮೊದಲೇ ಗೊತ್ತಿದ್ದಿದ್ರೆ ಟೆಸ್ಟರ್ ಸಾಲು ಹೀಗಿರ್ತಿತ್ತು: ‘ಈ ತಿಂಗಳು ಟೆಸ್ಟರ್‌ಗಳೆಲ್ಲ ಬೇರೆ ಕಡೆ ಹಂಚಿಕೆಯಾಗಿದ್ದಾರೆ, ಹೆಚ್ಚುವರಿ ವ್ಯಕ್ತಿ ಬೇಕಾದರೆ ಚೇಂಜ್ ರಿಕ್ವೆಸ್ಟ್ ಮೂಲಕ ನೋಡಬಹುದು.’ ಚೂದ್ದಾಂ ಅನ್ನೋದರ ಸರಿಯಾದ ಇಂಗ್ಲಿಷ್ ಅದು.

ಈಗ ಎರಡನೇ ಓದು. ಡ್ರಾಫ್ಟ್ ಮುಗಿದ ಮೇಲೆ ಎದ್ದು ಹೋಗಿ ಒಂದು ಚಾಯ್ ಕುಡಿದು ಬಂದು, ಮಾತು ಕೊಟ್ಟ ಜಾಗಗಳಿಗೆ ಮಾತ್ರ ಹಳದಿ ಬಣ್ಣ ಹಾಕ್ತೀನಿ. ತಾರೀಕು, ಸಂಖ್ಯೆ, ದುಡ್ಡು, ಯಾರದಾದರೂ ಹೆಸರು ಇವು ಸುಲಭವಾಗಿ ಕಾಣುತ್ತವೆ. ‘ವಿ ವಿಲ್’, ‘ಕನ್ಫರ್ಮ್ಡ್’ ಕೂಡ ಕಾಣುತ್ತೆ. ಕಾಣದೇ ಇರೋದು ಎರಡು ಥರ. ಒಂದು, ಮರ್ಯಾದೆಗೆ ಬರೆದ ಮಾತು: ‘ನೋ ಇಶ್ಯೂ’, ‘ಹ್ಯಾಪಿ ಟು ಹೆಲ್ಪ್’, ನನ್ನ ‘ಪ್ರಯತ್ನಿಸುತ್ತೇವೆ’. ಇನ್ನೊಂದು, ನಾವು ಬರೆಯದೇ ಬಿಟ್ಟದ್ದು. ಅವರ ಮೇಲ್‌ನಲ್ಲಿ ‘ನಾವು ಮಾತಾಡಿಕೊಂಡಂತೆ ಹೆಚ್ಚುವರಿ ಖರ್ಚಿಲ್ಲದೆ’ ಅಂತ ಒಂದು ಸಾಲು ಇರುತ್ತೆ. ನಾವು ಕೆಳಗೆ ‘ಥ್ಯಾಂಕ್ಸ್, ನೋಟೆಡ್’ ಅಂತ ಹಾಕ್ತೀವಿ. ಒಪ್ಪಿದ ಹಾಗೇ ಓದ್ತಾರೆ ಅದನ್ನ. ಅದಕ್ಕೆ ಬಂದಿರೋ ಮೇಲನ್ನೂ ಹಳದಿ ಮಾಡಬೇಕು, ನಮ್ಮದನ್ನು ಮಾತ್ರ ಅಲ್ಲ.

ಹಳದಿ ಆದ ಪ್ರತಿ ಜಾಗಕ್ಕೂ ಒಂದೇ ಪ್ರಶ್ನೆ: ಇದು ಎಲ್ಲಿಂದ ಬಂತು? ಸರ್ ಬಾಯಿಂದಲಾ, ಯಾವ ದಿನ? ಒಪ್ಪಂದದ ಪತ್ರದಲ್ಲಿದೆಯಾ? ಟೀಮ್ ಲೀಡ್ ಹೇಳಿದ್ದಾ? ಇಲ್ಲಾ ವಾಕ್ಯ ಚೆನ್ನಾಗಿರಲಿ ಅಂತ ನಾನೇ ಹಾಕಿದ್ದಾ? ಆವತ್ತಿನ ಮೇಲನ್ನೇ ತಗೊಳ್ಳಿ. ರಿಪೋರ್ಟ್ ಮಾಡ್ಯೂಲ್‌ಗೆ ಸರ್ ಓಕೆ ಅಂದಿದ್ರು, ಆದರೆ ಲೀಡನ್ನು ಯಾರೂ ಕೇಳಿರಲಿಲ್ಲ, ಅಂದ್ರೆ ಅರ್ಧ ಮೂಲ. ಟೆಸ್ಟರ್‌ಗೆ ಮೂಲ ಇಲ್ಲವೇ ಇಲ್ಲ, ನನ್ನ ಸೃಷ್ಟಿ. ವರದಿಗೆ ಸರ್ ‘ಶುಕ್ರವಾರ’ ಅಂದಿದ್ರು, ನಾನು ‘ಶುಕ್ರವಾರ ಎಂಡ್ ಆಫ್ ಡೇ’ ಅಂತ ಬರೆದಿದ್ದೆ. ಯಾರ ದಿನದ ಕೊನೆ? ಚಿಕಾಗೋದಲ್ಲಿ ಶುಕ್ರವಾರ ಸಂಜೆ 5 ಅಂದ್ರೆ ನಮಗೆ ಶನಿವಾರ ಬೆಳಗಿನ ಜಾವ 3:30, ಅವರ ಚಳಿಗಾಲದಲ್ಲಿ 4:30. ನಮ್ಮ ಶುಕ್ರವಾರ ಸಂಜೆ 6 ಅಂದ್ರೆ ಅವರಿಗಿನ್ನೂ ಬೆಳಿಗ್ಗೆ. ಈಗ ನಾನು ಗಂಟೆ, ಊರು ಎರಡೂ ಬರೀತೀನಿ.

ಮೂಲ ಸಿಗದ ಮಾತನ್ನು ತೆಗೆದುಬಿಡ್ತೀನಿ, ಇಲ್ಲ ಸರ್‌ನ ಕೇಳ್ತೀನಿ. ಕೇಳುವ ರೀತಿಯೂ ಬದಲಾಗಿದೆ. ಮೊದಲು ‘ಪ್ಲೀಸ್ ರಿವ್ಯೂ’ ಅಂತ ಡ್ರಾಫ್ಟ್ ಕಳಿಸ್ತಿದ್ದೆ. ಔಟರ್ ರಿಂಗ್ ರೋಡಲ್ಲಿ ಕಾರಲ್ಲಿ ಕೂತವರು ಏನು ರಿವ್ಯೂ ಮಾಡ್ತಾರೆ? ಈಗ ಡ್ರಾಫ್ಟಿನ ಮೇಲೆ ಎರಡು ಸಾಲು ಇರುತ್ತೆ: ‘ಸರ್, ಈ ಮೇಲ್‌ನಲ್ಲಿ ನೀವು ಎರಡು ಮಾತು ಕೊಡ್ತಿದ್ದೀರಿ. ವರದಿ, ಶುಕ್ರವಾರ ನಮ್ಮ ಸಂಜೆ 6ಕ್ಕೆ. ರಿಪೋರ್ಟ್ ಮಾಡ್ಯೂಲ್, ಮುಂದಿನ ರಿಲೀಸ್‌ಗೆ, ಲೀಡ್ ಹೂಂ ಅಂದಿದ್ದಾರೆ. ಟೆಸ್ಟರ್ ಕೊಡ್ತಿಲ್ಲ.’ ಅದಕ್ಕೆ ಹೆಬ್ಬೆರಳು ಬಂದ್ರೆ ಅದು ನಿಜವಾದ ಹೆಬ್ಬೆರಳು. ಎಷ್ಟೋ ಸಲ ಅಲ್ಲೇ ‘ಏ, ಅದು ಬೇಡ’ ಅಂತ ಫೋನ್ ಬರುತ್ತೆ.

ಮೇಲ್‌ನಲ್ಲಿ ಹೇಳಿದ್ದೆಲ್ಲ ಅಷ್ಟು ಗಟ್ಟಿನಾ ಅಂತ ಕೇಳಬಹುದು. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಕೇಸ್ ಇದೆ, 2010ರ ಸುಪ್ರೀಂ ಕೋರ್ಟ್ ತೀರ್ಪು. ಬಾಕ್ಸೈಟ್ ಸರಬರಾಜಿನ ಪ್ರಸ್ತಾಪ ಮೇಲ್‌ನಲ್ಲಿ ಹೋಗಿತ್ತು, ಐದು ಹಡಗು ಸರಕಿಗೆ ಒಪ್ಪಿಗೆಯೂ ಮೇಲ್‌ನಲ್ಲೇ ಬಂದಿತ್ತು, ವಿವರವಾದ ಕರಾರಿಗೆ ಸಹಿ ಆಗಿರಲಿಲ್ಲ. ಒಪ್ಪಂದ ಆಗಿದೆ ಅಂತಲೇ ಕೋರ್ಟ್ ಹೇಳಿತು. ಇನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಅಧಿಕಾರ ಪಡೆದವರು ಯಾರದೋ ಪರವಾಗಿ ಕಳಿಸಿದ ಮೇಲ್ ಆ ಯಾರದೋ ಮೇಲೇ. ನಮ್ಮ ಒಂದು ‘ನೋ ಇಶ್ಯೂ’ಗೆ ಕೋರ್ಟ್ ತನಕ ಹೋಗ್ತಾರೆ ಅಂತ ನಾನು ಹೆದರಿಸ್ತಿಲ್ಲ. ಸಾಮಾನ್ಯವಾಗಿ ಚೇಂಜ್ ರಿಕ್ವೆಸ್ಟ್‌ಗೆ ಸಹಿ ಬೇಕು ಅಂತ ಒಪ್ಪಂದದಲ್ಲಿ ಬರೆದಿರುತ್ತೆ. ಆದರೆ 160 ಗಂಟೆ ಹೋಗೋಕೆ ಕೋರ್ಟ್ ಬೇಕಾಗಲಿಲ್ಲವಲ್ಲ.

ಯಾರು ಕಳಿಸಬೇಕು ಅನ್ನೋದೂ ಒಂದು ವಿಷಯ. ಔಟ್‌ಲುಕ್‌ನಲ್ಲಿ ಎರಡು ಥರ ಅನುಮತಿ ಇದೆ. Send on Behalf ಆದ್ರೆ ಓದುವವರಿಗೆ ನಿಮ್ಮ ಹೆಸರೂ ಕಾಣುತ್ತೆ. Send As ಆದ್ರೆ ಬಾಸ್ ಹೆಸರು ಮಾತ್ರ. ಮೀಟಿಂಗ್ ಟೈಮ್ ಬದಲಾಯಿಸೋಕೆ ನಾನೇ ಕಳಿಸ್ತೀನಿ. ತಾರೀಕು, ಜನ, ದುಡ್ಡು ಇದ್ರೆ ಅವರ ಡ್ರಾಫ್ಟ್ಸ್ ಫೋಲ್ಡರ್‌ನಲ್ಲಿ ಇಡ್ತೀನಿ, ಬಟನ್ ಅವರೇ ಒತ್ತಲಿ. ಸಾವಿನ ಸುದ್ದಿಗೆ ಸಾಂತ್ವನ ಹೇಳುವ ಮೇಲ್ ಮಾತ್ರ ನಾನು ಬರೆಯೋದೇ ಇಲ್ಲ. ಹೆಸರು, ಸಂಬಂಧ, ದಿನ ಇಷ್ಟು ಕೊಟ್ಟು ಸುಮ್ಮನಾಗ್ತೀನಿ.

ಮೇಲ್ ಹೋದ ಮೇಲೆ ಇನ್ನೊಂದು ಸಣ್ಣ ಕೆಲಸ ಉಳಿಯುತ್ತೆ. ತಾವು ಮಾತು ಕೊಟ್ಟದ್ದು ಬಾಸ್‌ಗೇ ನೆನಪಿರಲ್ಲ, ಯಾಕಂದ್ರೆ ಬರೆದವರು ಅವರಲ್ಲ. ಕಾಲ್‌ನಲ್ಲಿ ಕ್ಲೈಂಟ್ ‘ನೀವೇ ಬರೆದಿದ್ರಲ್ಲ’ ಅಂದಾಗ ಅವರ ಮುಖ ನೋಡಿದ್ದೀನಿ ನಾನು. ಅದಕ್ಕೆ ಹಳದಿ ಸಾಲುಗಳನ್ನು ಅವರ ಕ್ಯಾಲೆಂಡರ್‌ಗೆ ಹಾಕ್ತೀನಿ, ಕೊಟ್ಟ ದಿನಕ್ಕಲ್ಲ, ಎರಡು ದಿನ ಮುಂಚೆ.

ಹೋದ ತಿಂಗಳು ಅದೇ ಚಿಕಾಗೋದವರು ಮತ್ತೆ ಟೆಸ್ಟರ್ ಕೇಳಿದ್ರು. ಸರ್ ಮತ್ತೆ ‘ಚೂದ್ದಾಂ’ ಅಂದ್ರು. ನಾನು ಲಿಫ್ಟ್ ಬಾಗಿಲು ಕೈಯಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ, ‘ಸರ್, ಬರೆಯೋದು ಕೊಡ್ತೀವಿ ಅಂತಲಾ, ಕೊಡಲ್ಲ ಅಂತಲಾ?’ ಒಳಗಿದ್ದವರೆಲ್ಲ ನನ್ನೇ ನೋಡಿದ್ರು. ಸರ್ ಸ್ವಲ್ಪ ಯೋಚನೆ ಮಾಡಿ, ‘ಕೊಡಲ್ಲ ಅಂತ. ಆದ್ರೆ ಕಾರಣ ಮೊದಲು ಬರಿ’ ಅಂದ್ರು.

ಪ್ರಶ್ನೆಗಳಿದ್ರೆ ಕೇಳಿ.